ಗೋಡೆ ಊರು ಬಿಡುವುದಿಲ್ಲ

ಧಾರವಾಡದ ನೆಂಟರ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವಾಗ ಪೋಸ್ಟ್‌ಕಾರ್ಡಿನಷ್ಟು ದೊಡ್ಡದೊಂದು ಕಪ್ಪು-ಬಿಳುಪು ಫೋಟೊ ಸಿಕ್ಕಿತು. ಒಂದು ಓಣಿ. ಎರಡು ಮನೆಗಳು ಪೂರ್ತಿ ಕಾಣುತ್ತವೆ, ಮೂರನೆಯದು ಅರ್ಧ. ಕಟ್ಟೆಯ ಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರು ಕೂತಿದ್ದಾರೆ, ಮುಖ ಮಸುಕಾಗಿದೆ. ಫೋಟೊದ ಬೆನ್ನಲ್ಲಿ ಊರಿಲ್ಲ, ಹೆಸರಿಲ್ಲ, ಇಸವಿಯಿಲ್ಲ.

“ಇದು ಶಿರಸಿ ಕಡೀದು. ಹಂಚಿನ ಮನಿ ಅದಾವ, ಕಾಣಸೂದಿಲ್ಲೇನು?” ಅಂದರು ಮನೆಯ ಯಜಮಾನರು.

“ಶಿರಸಿ ಎಲ್ಲಿಂದ ಬಂತೋ ತಮ್ಮಾ? ನಮ್ಮ ಮಂದಿ ಎಲ್ಲಾ ಗದಗಿನ ಕಡಿಯವರು. ಅಲ್ಲೇ ಎಲ್ಯೋ ತಗಸಿದ್ದು ಇದು,” ಅಂದರು ಅವರ ಅಕ್ಕ.

ಇಬ್ಬರೂ ನನ್ನ ಕಡೆ ನೋಡಿದರು. ಹಳ್ಳಿಮನೆಗಳ ಮುಂದೆ ನಿಂತು ನಕ್ಷೆ ಗೀಚಿಕೊಳ್ಳುವ ಹವ್ಯಾಸ ನನಗಿದೆ ಎಂದು ಅವರಿಗೆ ಗೊತ್ತು. ಒಂದು ಭೂತಗನ್ನಡಿ ತರಿಸಿಕೊಂಡೆ. ಮನುಷ್ಯರ ಮುಖ ಅಳಿಸಿಹೋದ ಫೋಟೊದಲ್ಲೂ ಮನೆಯ ಮುಖ ಉಳಿದಿರುತ್ತದೆ. ಅದನ್ನು ಓದಲು ಮಾಡು, ಗೋಡೆ, ಕಿಟಕಿ ಎಂಬ ಮೂರು ಅಕ್ಷರ ಕಲಿತರೆ ಸಾಕು.

ಶಿರಸಿಯಿಂದ ಹುಬ್ಬಳ್ಳಿಯ ಮೇಲೆ ಹಾದು ಗದಗಿಗೆ ಹೋದರೆ ಹೆಚ್ಚುಕಡಿಮೆ 160 ಕಿಲೋಮೀಟರು. ಬೆಳಿಗ್ಗೆ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಆದರೆ ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬಿದ್ದರೆ ಗದಗಿನಲ್ಲಿ 600ರ ಆಸುಪಾಸು. ಒಂದೇ ದಾರಿಯಲ್ಲಿ ಮಳೆ ಕಾಲುಭಾಗಕ್ಕೆ ಇಳಿಯುತ್ತದೆ, ಅದರ ಜೊತೆಗೆ ಮನೆಯ ರೂಪವೂ ಬದಲಾಗುತ್ತದೆ. ನೆಂಟರ ಮನೆಯ ಅಕ್ಕ-ತಮ್ಮಂದಿರ ಜಗಳ ಈ 160 ಕಿಲೋಮೀಟರಿನೊಳಗಿನದು. ಹಾಗಾಗಿ ಮೊದಲು ಈ ದಾರಿಯ ಎರಡು ತುದಿಯ ಮನೆಗಳನ್ನು ನೋಡೋಣ.

ಗದಗಿನ ತುದಿಯಲ್ಲಿರುವುದು ಮಾಳಿಗೆ ಮನೆ. ದೂರದಿಂದ ನೋಡಿದರೆ ಊರಿಗೆ ಊರೇ ಮಣ್ಣಿನ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಟ್ಟಂತೆ ಕಾಣುತ್ತದೆ. ಮಾಳಿಗೆ ಸಪಾಟಾಗಿರುವುದರಿಂದ ಕೆಳಗೆ ನಿಂತವರಿಗೆ ಮನೆಯ ನೆತ್ತಿ ಕಾಣುವುದಿಲ್ಲ. ಅಂಚಿನ ಕುಂಬಿಯೊಂದೇ ಕಾಣುತ್ತದೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ. ಜಂತಿಯ ಮೇಲೆ ಹಲಗೆಯನ್ನೋ ಸೀಳಿದ ಕಟ್ಟಿಗೆಯನ್ನೋ ಹಾಸಿ, ಅದರ ಮೇಲೆ ಬೇವಿನ ಸೊಪ್ಪು ಅಥವಾ ದಂಟು ಹರಡಿ, ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಾರೆ. ಕೊನೆಯ ಪದರಕ್ಕೆ ಸೌಳು ಮಣ್ಣು. ಬೆಳೆಗೆ ಬೇಡವಾದ ಈ ಉಪ್ಪುಮಣ್ಣು ಮಾಳಿಗೆಗೆ ಬೇಕು. ಮೊದಲ ಹನಿ ಬಿದ್ದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತುಬಿಡುತ್ತವೆ. ಆಮೇಲೆ ಬಿದ್ದ ನೀರು ಕೆಳಗಿಳಿಯದೆ ಮೇಲೆಯೇ ಹರಿದು, ಕುಂಬಿಯಿಂದ ಹೊರಚಾಚಿದ ದೋಣಿಯಲ್ಲಿ ಓಣಿಗೆ ಬೀಳುತ್ತದೆ. ಸಾಧಾರಣ ಮಳೆಗೆ ಇದು ಸಾಕು. ಹತ್ತು ದಿನ ಬಿಡದೆ ಜಿನುಗುವ ಮಳೆಯನ್ನು ಮಾತ್ರ ಇದು ತಡೆಯಲಾರದು.

ಮಾಳಿಗೆಯ ಗುಟ್ಟೆಲ್ಲ ಇರುವುದು ಅದರ ತೂಕದಲ್ಲಿ. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದೆ ಎಂದುಕೊಳ್ಳಿ. ಅದು 120 ಘನ ಅಡಿ ಮಣ್ಣು. ಘನ ಅಡಿಗೆ 45 ಕಿಲೋ ಹಿಡಿದರೂ 5 ಟನ್ನು ದಾಟುತ್ತದೆ. ಅದೇ ಕೋಣೆಗೆ ಮಂಗಳೂರು ಹೆಂಚು ಹೊದಿಸಿದರೆ ಹೆಂಚಿನ ತೂಕ ಅರ್ಧ ಟನ್ನಿನ ಹತ್ತಿರ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಎಳೆಯುವ ರೂಢಿಯಿದೆ. ಹಳೆಯದನ್ನು ತೆಗೆಯದೆ ಹೊಸದನ್ನು ಹಾಕುತ್ತ ಹೋದರೆ ತೂಕ ವರ್ಷ ವರ್ಷವೂ ಏರುತ್ತದೆ.

ಇಷ್ಟು ಭಾರ ಹೊರಲು ಗೋಡೆ ದಪ್ಪವಿರಬೇಕು. ಎರಡಡಿ ಸಾಮಾನ್ಯ, ಹಳೆಯ ವಾಡೆಗಳಲ್ಲಿ ಮೂರಡಿಯೂ ಉಂಟು. ದಪ್ಪ ಮಣ್ಣುಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಗೋಡೆಯ ಬಲ ಕುಗ್ಗುತ್ತದೆ, ಬೇಸಿಗೆಯ ಬಿಸಿಗಾಳಿಯೂ ಒಳಗೆ ನುಗ್ಗುತ್ತದೆ. ಹೀಗಾಗಿ ಮಾಳಿಗೆ ಮನೆಯ ಕಿಟಕಿ ಚಿಕ್ಕದು, ಎತ್ತರದಲ್ಲಿರುವಂಥದ್ದು. ಕೆಲವು ಗೋಡೆಗಳಿಗೆ ಕಿಟಕಿಯೇ ಇಲ್ಲ. ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಅಡುಗೆಮನೆಯ ಹೊಗೆ ಹೋಗುವುದೂ ಅಲ್ಲಿಂದಲೇ, ಮಳೆ ಬಂದಾಗ ಅದನ್ನು ಮುಚ್ಚುತ್ತಾರೆ. ಒಟ್ಟಿನಲ್ಲಿ ಮಳೆ ಮಾಳಿಗೆಯನ್ನು ನಿರ್ಧರಿಸಿತು, ಮಾಳಿಗೆ ಗೋಡೆಯನ್ನು, ಗೋಡೆ ಕಿಟಕಿಯನ್ನು. ಫೋಟೊದಲ್ಲಿ ಈ ಮೂರರಲ್ಲಿ ಒಂದು ಕಂಡರೆ ಉಳಿದೆರಡು ಏನಿರಬೇಕೆಂದು ಊಹಿಸಬಹುದು. ಊಹೆಗೆ ತಪ್ಪಿದ್ದು ಕಂಡರೆ ಅಲ್ಲೇ ನಿಲ್ಲಬೇಕು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ಶಿರಸಿಯ ತುದಿ. ಇಲ್ಲಿ ನೀರನ್ನು ಮಾಡಿನ ಮೇಲೆ ಒಂದು ಗಳಿಗೆಯೂ ನಿಲ್ಲಿಸಿಕೊಳ್ಳುವಂತಿಲ್ಲ. ಮೊದಲು ಅಡಿಕೆ ಸೋಗೆಯ ಅಥವಾ ಹುಲ್ಲಿನ ಮಾಡು, ಆಮೇಲೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹೆಂಚು, ಅದಾದ ಮೇಲೆ ಮಂಗಳೂರು ಹೆಂಚು. ಹೊದಿಕೆ ಯಾವುದಾದರೂ ಮಾಡು ಕಡಿದಾಗಿಯೇ ಇಳಿಯುತ್ತದೆ. ಹೊರಗಿನವರ ಕಣ್ಣು ಇಳಿಜಾರಿನ ಮೇಲೆ ಬೀಳುತ್ತದೆ, ಆದರೆ ಮಲೆನಾಡಿನ ಮನೆಯನ್ನು ಗುರುತಿಸಲು ನೋಡಬೇಕಾದದ್ದು ಸೂರನ್ನು. ಗೋಡೆ ಇಲ್ಲಿಯೂ ಎಷ್ಟೋ ಕಡೆ ಮಣ್ಣಿನದೇ. ಅದನ್ನು ಉಳಿಸಿಕೊಳ್ಳಲು ಸೂರು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಚಾಚುತ್ತದೆ, ಎಷ್ಟೋ ಸಲ ಜಗಲಿಯ ಕಂಬಗಳ ಮೇಲೆ ಕೂರುತ್ತದೆ. ಮಾಡು ಎರಡು ಕಡೆಗಷ್ಟೇ ಅಲ್ಲ, ನಾಲ್ಕೂ ಕಡೆಗೆ ಇಳಿದಿರುತ್ತದೆ. ಎರಡೇ ಕಡೆ ಇಳಿಸಿದರೆ ಉಳಿದೆರಡು ಬದಿಯಲ್ಲಿ ಗೋಡೆ ನೆತ್ತಿಯವರೆಗೆ ತ್ರಿಕೋನವಾಗಿ ಎದ್ದು ಮಳೆಗೆ ಮೈಯೊಡ್ಡಬೇಕಾಗುತ್ತದೆ. ಇಷ್ಟು ಮಾಡಿಯೂ ಆಷಾಢದ ಗಾಳಿಮಳೆಗೆ ಧೈರ್ಯ ಸಾಲದೆ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಫೋಟೊದಲ್ಲಿ ಒಂದೇ ಬದಿಗೆ ತಟ್ಟಿ ಕಂಡರೆ ಸೀಮೆಯ ಜೊತೆಗೆ ದಿಕ್ಕು ಮತ್ತು ತಿಂಗಳೂ ಸಿಕ್ಕಂತೆ.

ಮಾಡು ಹಗುರವಾದ್ದರಿಂದ ಇಲ್ಲಿನ ಗೋಡೆಗೆ ಹೊರೆ ಕಡಿಮೆ, ಕಿಟಕಿಗೆ ಸ್ವಾತಂತ್ರ್ಯ ಹೆಚ್ಚು. ಮರಕ್ಕೆ ಬರವಿಲ್ಲ. ಅದಕ್ಕೇ ಜಗಲಿಯ ಮುಂದೆ ಉದ್ದಕ್ಕೂ ಮರದ ದಳಿ, ಕೋಣೆಗಳಿಗೆ ಅಗಲವಾದ, ತಗ್ಗಿನಲ್ಲಿರುವ, ಮರದ ಸರಳಿನ ಕಿಟಕಿ. ತೇವದ ಹವೆಯಲ್ಲಿ ಗಾಳಿ ಆಡದಿದ್ದರೆ ಮನೆಯೊಳಗಿನದೆಲ್ಲ ಬೂಷ್ಟು ಹಿಡಿಯುತ್ತದೆ. ಕತ್ತಲೆಯ ಮೂಲೆಗೆ ಮಾಡಿನಲ್ಲಿ ಒಂದೊಂದು ಗಾಜಿನ ಹೆಂಚು. ಮಾಳಿಗೆ ಮನೆಗೆ ಬೆಳಕಿಂಡಿ ಹೇಗೋ ಹೆಂಚಿನ ಮನೆಗೆ ಇದು ಹಾಗೆ.

ಇಷ್ಟು ತಿಳಿದ ಮೇಲೆ ಫೋಟೊ ಗುರುತಿಸುವುದು ಸುಲಭ ಅನ್ನಿಸಬಹುದು. ಹೆಂಚು ಕಂಡರೆ ಮಲೆನಾಡು ಅಥವಾ ಕರಾವಳಿ, ಮಾಳಿಗೆ ಕಂಡರೆ ಬಯಲುಸೀಮೆ. ನೆಂಟರ ಮನೆಯ ಯಜಮಾನರು ಎಡವಿದ್ದು ಇಲ್ಲಿಯೇ.

ಮಂಗಳೂರು ಹೆಂಚು ಊರಿನ ಹೆಸರು ಹೊತ್ತಿದ್ದರೂ ಊರಿನಲ್ಲಿ ನಿಲ್ಲಲಿಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಮೂರೇ ವರ್ಷದಲ್ಲಿ ಅಲ್ಬುಕರ್ಕ್ ಕಾರ್ಖಾನೆ ಬಂತು, ಆಮೇಲೆ ಒಂದರ ಹಿಂದೊಂದು. ನೇತ್ರಾವತಿ, ಗುರುಪುರ ನದಿಗಳ ಜೇಡಿ, ಸುಡಲು ಘಟ್ಟದ ಕಟ್ಟಿಗೆ, ಸಾಗಿಸಲು ಬಂದರು, ಮೂರೂ ಅಲ್ಲಿ ಕೂಡಿಬಂದಿದ್ದವು. ನಾಡಹೆಂಚು ಬರೀ ಒಂದರ ಮೇಲೊಂದು ಮಲಗಿರುತ್ತದೆ. ಕೋತಿ ಹಾರಿದರೆ ಜಾರುತ್ತದೆ, ವರ್ಷಕ್ಕೊಮ್ಮೆ ಕೈಯಾಡಿಸಬೇಕು. ಅಚ್ಚಿನಲ್ಲಿ ಒತ್ತಿದ ಹೆಂಚಿಗೆ ಅಂಚಿನಲ್ಲಿ ಗಾಡಿ, ಬೆನ್ನಲ್ಲಿ ಗುಬುಟು. ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ರೀಪಿಗೆ ಕಚ್ಚಿಕೊಳ್ಳುತ್ತದೆ. ಕಡಿಮೆ ಹೆಂಚಿನಲ್ಲಿ ಹೆಚ್ಚು ಮಾಡು ಮುಚ್ಚುತ್ತದೆ. ಬೇಡಿಕೆ ಬರಲು ಇಷ್ಟು ಸಾಕಾಯಿತು. ಮೊದಲು ಹಡಗಿನಲ್ಲಿ ಕರಾವಳಿಯುದ್ದಕ್ಕೂ ಹೋಯಿತು. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡಗಳಿಗೆ ರೈಲು ಬಂದು, ಹಳಿ ಮುರ್ಗಾಂವ್ ಬಂದರಿಗೆ ಕೂಡಿಕೊಂಡ ಮೇಲೆ ಘಟ್ಟದ ಮೇಲಕ್ಕೂ ದಾರಿ ಸಲೀಸಾಯಿತು. ಆಮೇಲೆ ಅದೇ ಮಾದರಿಯ ಹೆಂಚು ಬೇರೆ ಬೇರೆ ಊರುಗಳಲ್ಲೂ ತಯಾರಾಗತೊಡಗಿತು.

ಹಾಗಾಗಿ ಫೋಟೊದಲ್ಲಿ ಮಂಗಳೂರು ಹೆಂಚು ಕಂಡರೆ ಅದು ಹೇಳುವುದು ಊರನ್ನಲ್ಲ, ಕಾಲವನ್ನು. 1865ಕ್ಕಿಂತ ಹಿಂದಿನದಲ್ಲ, ಒಳನಾಡಿನ ಹಳ್ಳಿಯಾದರೆ ರೈಲು ಬಂದ ನಂತರದ್ದು, ಅಷ್ಟೆ. ಮಾಡು ಗಾಡಿ ಹತ್ತಿ, ರೈಲು ಹತ್ತಿ ಬರುತ್ತದೆ. ಗೋಡೆ ಹಾಗಲ್ಲ. ಒಂದು ಕೋಣೆಯ ಗೋಡೆಗೆ ಹತ್ತಾರು ಗಾಡಿ ಮಣ್ಣು ಬೇಕು, ಅಷ್ಟನ್ನು ದೂರದಿಂದ ತರುವ ಬಡವನಿಲ್ಲ. ಕೂಗಳತೆಯಲ್ಲಿ ಸಿಕ್ಕಿದ ಮಣ್ಣು, ಪಕ್ಕದ ಗುಡ್ಡದ ಕಲ್ಲು, ಅದೇ ಗೋಡೆ. ಫೋಟೊದಲ್ಲಿ ಸೀಮೆ ಹುಡುಕುವವರು ಮಾಡಿನಿಂದ ಶುರು ಮಾಡಿದರೂ ತೀರ್ಮಾನವನ್ನು ಗೋಡೆಗೆ ಬಿಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕರ್ನಾಟಕದ ಗೋಡೆಗಳು ಈ ವಿಷಯದಲ್ಲಿ ಉದಾರಿಗಳು. ಕರಾವಳಿಯ ಗೋಡೆ ಮುರಕಲ್ಲಿನದು. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿರುವ ಈ ಕೆಂಪುಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಜನ ಇದನ್ನು ಇಟ್ಟಿಗೆಯಂತೆ ಕಡಿದು ಬಳಸುವುದನ್ನು ಮಲಬಾರಿನಲ್ಲಿ ನೋಡಿ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದವೇ ಆ ಹೆಸರಿನ ಮೂಲ. ಬಣ್ಣವಿಲ್ಲದ ಫೋಟೊದಲ್ಲೂ ಅದರ ಮೈತುಂಬ ತೂತು ಗುರುತು ಸಿಗುತ್ತದೆ. ಆದರೆ ಬೀದರಿನಲ್ಲೂ ಇದೇ ಕಲ್ಲಿದೆ. ಮುರಕಲ್ಲಿನ ಗೋಡೆಯ ಮೇಲೆ ಸಪಾಟು ಮಾಳಿಗೆ ಕಂಡರೆ ಕರಾವಳಿ ಎನ್ನುವ ಮುನ್ನ ಬೀದರನ್ನು ನೆನೆಯಬೇಕು.

ಕಲಬುರಗಿಯ ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು ಪುಸ್ತಕದ ಹಾಳೆಯಂತೆ ಪದರಪದರವಾಗಿ ಏಳುತ್ತದೆ. ಅಲ್ಲಿನ ಗೋಡೆಯೆಂದರೆ ತೆಳ್ಳನೆಯ ಚಪ್ಪಟೆ ಕಲ್ಲುಗಳ ಅಟ್ಟಿ, ಹೊದಿಕೆಯೂ ಎಷ್ಟೋ ಕಡೆ ಅದೇ ಪರಸಿ. ಬಾದಾಮಿ, ಗುಳೇದಗುಡ್ಡದ ಕಡೆ ಕೆಂಪು ಮರಳುಗಲ್ಲಿನ ದಪ್ಪ ತುಂಡುಗಳು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಣಚುಕಲ್ಲನ್ನು ಚಪ್ಪಡಿಯಾಗಿ ಎಬ್ಬಿಸಿ, ಮೇಲ್ಛಾವಣಿಗೂ ಅದನ್ನೇ ಹಾಸುತ್ತಾರೆ. ಕಲ್ಲು ಭಾರ ಹೊರುತ್ತದೆ, ಬಾಗುವುದಿಲ್ಲ. ಉದ್ದ ಹೆಚ್ಚಾದರೆ ನಡುವೆ ಮುರಿಯುತ್ತದೆ. ಅದಕ್ಕೇ ಆ ಮನೆಗಳಲ್ಲಿ ಎಂಟು ಹತ್ತು ಅಡಿಗೊಂದು ಗೋಡೆ ಅಥವಾ ಕಂಬ ಇದ್ದೇ ಇರುತ್ತದೆ.

ಮಣ್ಣುಗೋಡೆಯನ್ನು ಓದುವುದು ಸ್ವಲ್ಪ ಕಷ್ಟ. ಗಿಲಾವಿನ ಕೆಳಗೆ ಎಲ್ಲ ಒಂದೇ ಥರ ಕಾಣುತ್ತದೆ. ಎಲ್ಲಿ ಗಿಲಾವು ಉದುರಿದೆಯೋ ಅಲ್ಲಿ ಕಣ್ಣಿಡಬೇಕು. ಕಲಸಿದ ಮಣ್ಣಿನ ಮುದ್ದೆ ಒಟ್ಟಿ ಎಬ್ಬಿಸಿದ ಗೋಡೆಯಾದರೆ ಒಂದೂವರೆ ಎರಡು ಅಡಿಗೊಂದು ಅಡ್ಡಗೆರೆ ಕಾಣುತ್ತದೆ. ಒಂದು ವರಸೆ ಒಣಗಿದ ಮೇಲೆ ಇನ್ನೊಂದನ್ನು ಏರಿಸಿದ ಗುರುತು ಅದು. ಹಸಿ ಇಟ್ಟಿಗೆಯಾದರೆ ಚಿಕ್ಕ ಚಿಕ್ಕ ಚೌಕ. ಕಪ್ಪುಮಣ್ಣಿನ ಸೀಮೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರೆಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಅದರಲ್ಲಿ ಬೆಳೆ ಬಂದೀತೇ ಹೊರತು ಗೋಡೆ ನಿಲ್ಲದು. ಅದಕ್ಕೆ ಹಾಳೂರಿನ ದಿಬ್ಬಗಳ ಬೂದುಬಣ್ಣದ ಮಣ್ಣನ್ನೋ ಗರಸನ್ನೋ ಹೊತ್ತು ತರುತ್ತಾರೆ. ಹೊಲ ಕಪ್ಪು, ಗೋಡೆ ಬಿಳಿಚು. ಕಪ್ಪು-ಬಿಳುಪು ಫೋಟೊದಲ್ಲೂ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಟ್ರಂಕಿನ ಫೋಟೊಗೆ ಬರೋಣ.

ಮೊದಲು ಮಾಡು. ಸಾಲುಗಳು ನೆಟ್ಟಗೆ ಗೆರೆ ಎಳೆದಂತಿದ್ದವು, ಅಂದರೆ ಮಂಗಳೂರು ಮಾದರಿಯ ಹೆಂಚು. ನಾಡಹೆಂಚಾಗಿದ್ದರೆ ಮೀನಿನ ಹುರುಪೆಯಂತೆ ಅಂಕುಡೊಂಕಾಗಿ ಕಾಣುತ್ತಿತ್ತು. ಈ ಹೆಂಚಿನಿಂದ ಇನ್ನೊಂದು ಉಪಕಾರವಿದೆ: ಅದೊಂದು ಅಳತೆಪಟ್ಟಿ. ಹೆಂಚು ಒಂದರ ಮೇಲೊಂದು ಕೂತಾಗ ಹೊರಗೆ ಕಾಣುವುದು ಪ್ರತಿ ಸಾಲಿಗೆ ಸುಮಾರು 32 ಸೆಂಟಿಮೀಟರ್, ಒಂದಡಿಗಿಂತ ಚೂರು ಜಾಸ್ತಿ. ಎರಡನೇ ಮನೆಯ ಮಾಡಿನಲ್ಲಿ ನೆತ್ತಿಯಿಂದ ಸೂರಿನವರೆಗೆ 14 ಸಾಲು ಎಣಿಸಿದೆ. ಅಂದರೆ ಇಳಿಜಾರಿನ ಉದ್ದ ಸುಮಾರು ನಾಲ್ಕೂವರೆ ಮೀಟರು, ಹದಿನೈದಡಿ. ಕ್ಯಾಮೆರಾ ಇಲ್ಲದ ಕಾಲದ ಗೋಡೆಗೆ ಟೇಪು ಹಿಡಿದಷ್ಟು ಕರಾರುವಾಕ್ಕಲ್ಲ, ಆದರೆ ಉಳಿದ ಅಳತೆಗಳನ್ನು ಇದಕ್ಕೆ ಹೋಲಿಸಿ ಹೇಳಬಹುದು.

ಅದೇ ಮನೆಯ ಬದಿಗೋಡೆ ಕ್ಯಾಮೆರಾಕ್ಕೆ ನೇರವಾಗಿ ಮುಖ ಮಾಡಿತ್ತು. ಸ್ಕೇಲು ಇಟ್ಟು ನೋಡಿದರೆ ಅರ್ಧ ಅಗಲ 39 ಮಿಲಿಮೀಟರ್, ನೆತ್ತಿಯ ಏರು 22. ಇಳಿಜಾರು 30 ಡಿಗ್ರಿಗೆ ಚೂರು ಕಡಿಮೆ ಎಂದಾಯಿತು. ಈ ಹೆಂಚಿಗೆ ಇದು ಸಾಮಾನ್ಯ ಇಳಿಜಾರು, ಇದರಿಂದಲೇ ಸೀಮೆ ಹೇಳಲಾಗದು. ಹೀಗೆ ಅಳೆಯುವುದು ಗೋಡೆ ನೇರ ಎದುರಿಗಿದ್ದಾಗ ಮಾತ್ರ. ಓರೆಯಲ್ಲಿ ತೆಗೆದ ಫೋಟೊದಲ್ಲಿ ಎಲ್ಲ ಮಾಡೂ ಕಡಿದಾಗಿಯೇ ಕಾಣುತ್ತದೆ.

ಬದಿಗೋಡೆ ಹೇಳಿದ ಮುಖ್ಯ ಮಾತು ಬೇರೆ. ಅದು ನೆತ್ತಿಯವರೆಗೆ ಬತ್ತಲೆ ಮಣ್ಣುಗೋಡೆ. ಮಾಡು ಎರಡೇ ಕಡೆ ಇಳಿದಿತ್ತು. ಸೂರು ಗೋಡೆಯಿಂದ ಮುಂದೆ ಬಂದದ್ದು ಹೆಚ್ಚೆಂದರೆ ಒಂದೂವರೆ ಅಡಿ. 2,500 ಮಿಲಿಮೀಟರ್ ಮಳೆಯಲ್ಲಿ ಈ ಗೋಡೆ ಎರಡು ಮಳೆಗಾಲ ನಿಂತರೆ ಹೆಚ್ಚು. “ಶಿರಸಿ ಅಲ್ಲ,” ಅಂದೆ. ಯಜಮಾನರು ಒಪ್ಪಲಿಲ್ಲ, ಅಕ್ಕನ ಮುಖ ಅರಳಿತು.

ಆದರೆ ಅಕ್ಕನ ಗದಗಿನಲ್ಲಿ ಇರಬೇಕಾದದ್ದು ಮಾಳಿಗೆ. ಇಲ್ಲಿ ಹೆಂಚು. ಇದು ಮಧ್ಯದ ಅರೆಮಲೆನಾಡೇ? ಅಳ್ನಾವರ, ಕಲಘಟಗಿಯ ಕಡೆಯದೇ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕಿಟಕಿ ನೋಡಿದ ಮೇಲೆ ಅನುಮಾನ ಬಂತು.

ಮುಂದಿನ ಗೋಡೆಯಲ್ಲಿ ಇದ್ದದ್ದು ಎರಡೇ ಕಿಟಕಿ, ಒಂದೊಂದೂ ಒಂದಡಿ ಚಿಲ್ಲರೆ ಅಗಲ. ಕಟ್ಟೆಯ ಮೇಲೆ ಕೂತ ಹಿರಿಯರ ರುಮಾಲಿಗಿಂತ ಮೇಲೆ ಕಿಟಕಿಯ ಕೆಳಗಂಚು. ಬಿಸಿಲು ಓರೆಯಾಗಿ ಬಿದ್ದಿದ್ದರಿಂದ ಕಿಟಕಿಯೊಳಗೆ ಒಂದು ಬದಿಗೆ ಕಪ್ಪು ನೆರಳು. ಆ ನೆರಳಿನಲ್ಲಿ ಗೋಡೆಯ ದಪ್ಪ ಕಾಣುತ್ತಿತ್ತು. ಬಾಗಿಲ ಚೌಕಟ್ಟಿನ ಒಳಬದಿಯೂ ಅಷ್ಟೇ ಆಳ. ಕಿಟಕಿಯ ಅಗಲಕ್ಕಿಂತ ಗೋಡೆಯ ದಪ್ಪವೇ ಹೆಚ್ಚು, ಎರಡಡಿಗೆ ಕಡಿಮೆಯಿಲ್ಲ. ಅರ್ಧ ಟನ್ ಹೆಂಚು ಹೊರಲು ಎರಡಡಿ ಗೋಡೆ ಯಾರು ಕಟ್ಟುತ್ತಾರೆ? ಊಹೆಗೆ ತಪ್ಪಿದ್ದು ಕಂಡರೆ ನಿಲ್ಲಬೇಕು ಎಂದೆನಲ್ಲ, ನಿಂತ ಜಾಗ ಇದು.

ಮತ್ತೆ ಬದಿಗೋಡೆಯ ಮೇಲೆ ಭೂತಗನ್ನಡಿ ಇಟ್ಟೆ. ಮುಕ್ಕಾಲು ಎತ್ತರದವರೆಗೆ ಗೋಡೆಯಲ್ಲಿ ಅಡ್ಡಗೆರೆಗಳಿದ್ದವು, ಮುದ್ದೆಮಣ್ಣಿನ ವರಸೆ. ಅದರ ಮೇಲಿನ ತ್ರಿಕೋನದಲ್ಲಿ ಮಾತ್ರ ಸಣ್ಣ ಸಣ್ಣ ಚೌಕ, ಹಸಿ ಇಟ್ಟಿಗೆ. ಎರಡೂ ಕೂಡುವ ಜಾಗದ ಸ್ವಲ್ಪ ಕೆಳಗೆ ಒಂದೇ ಮಟ್ಟದಲ್ಲಿ, ಸರಿಸಮ ಅಂತರದಲ್ಲಿ ಆರು ತೇಪೆಗಳು, ಒಂದೊಂದೂ ಅಂಗೈಯಷ್ಟು. ತೇಪೆಯ ಗಿಲಾವು ಸುತ್ತಲಿನದಕ್ಕಿಂತ ಬಿಳಿಚು. ಜಂತಿಯ ತುದಿಗಳು ಗೋಡೆಯಿಂದ ಹೊರಚಾಚಿದ್ದ ಗೂಡುಗಳು ಅವು. ಜಂತಿ ಕಿತ್ತು, ಗೂಡು ಮುಚ್ಚಿ, ಮೇಲೆ ಇಟ್ಟಿಗೆಯ ತ್ರಿಕೋನ ಏರಿಸಿ, ಹೆಂಚು ಹೊದಿಸಿದ್ದಾರೆ. ಈ ಮನೆ ಹುಟ್ಟಿದ್ದು ಮಾಳಿಗೆ ಮನೆಯಾಗಿ. ನಡುವಯಸ್ಸಿನಲ್ಲಿ ಅದು ಟೋಪಿ ಬದಲಿಸಿದೆ.

ಅರ್ಧ ಕಾಣುತ್ತಿದ್ದ ಮೂರನೇ ಮನೆ ಸಾಕ್ಷಿ ನುಡಿಯಿತು. ಅದಕ್ಕೆ ಇಳಿಜಾರೇ ಇಲ್ಲ. ಫೋಟೊದ ಅಂಚಿನಲ್ಲಿ ಕುಂಬಿಯ ಒಂದು ತುಂಡು, ಅದರಿಂದ ಚಾಚಿದ ಒಂದು ದೋಣಿ. ಪಕ್ಕದ ಖಾಲಿ ಜಾಗದಲ್ಲಿ ಜೋಳದ ಕಣಿಕೆಯ ಬಣವೆ. ಮಾಳಿಗೆಯೇ ರೂಢಿಯಾಗಿದ್ದ, ಜೋಳ ಬೆಳೆಯುವ, ಆದರೆ ಹೆಂಚು ಕೈಗೆಟಕುತ್ತಿದ್ದ ಜಾಗ. ನಮ್ಮ 160 ಕಿಲೋಮೀಟರಿನಲ್ಲಿ ಅದು ಹುಬ್ಬಳ್ಳಿಯಿಂದ ಗದಗಿನ ನಡುವಿನ ಪಟ್ಟಿ, ರೈಲುಹಳಿಗೆ ಗಾಡಿ ಹೊಡೆದುಕೊಂಡು ಹೋಗಿ ಬರುವಷ್ಟು ಹತ್ತಿರದ ಯಾವುದೋ ಊರು. ಯಜಮಾನರು ನೋಡಿದ್ದು ಮಾಡನ್ನು, ಸೋತರು. ಅಕ್ಕ ರುಮಾಲು ನೋಡಿ ಹೇಳಿದ್ದು ಗೋಡೆಯ ಮಾತಿಗೆ ಹೊಂದಿಕೊಂಡಿತು.

ಮಾಳಿಗೆ ಕಿತ್ತು ಹೆಂಚು ಹಾಕಿಸಿದವರಿಗೆ ಕಾರಣವಿತ್ತು. ಸೋರುವ ಮಾಳಿಗೆಯನ್ನು ವರ್ಷವರ್ಷವೂ ಸಂಭಾಳಿಸಬೇಕು, ತೊಲೆಗೆ ಗೆದ್ದಲು ಹತ್ತಿದರೆ ಟನ್ನುಗಟ್ಟಲೆ ಮಣ್ಣು ತಲೆಯ ಮೇಲೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ಮನೆಗಳಲ್ಲಿ: ಮೇಲೆ ಭಾರದ ಮಣ್ಣಿನ ಮಾಳಿಗೆ, ಕೆಳಗೆ ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆ. ಬೇಸಿಗೆಗೆ ತಂಪು ಕೊಟ್ಟ ದಪ್ಪವೇ ಆ ಬೆಳಗಿನಲ್ಲಿ ಜನರನ್ನು ಹೂತಿತು.

ಈ ಓದಿಗೆ ಮಿತಿಯೂ ಇದೆ. ತಗಡಿನ ಶೀಟು, ಸಿಮೆಂಟಿನ ಶೀಟು ಎಲ್ಲ ಸೀಮೆಗೂ ಒಂದೇ. ಸಿಮೆಂಟ್ ಇಟ್ಟಿಗೆಯ ಗೋಡೆ, ಆರ್‌ಸಿಸಿ ಮೇಲ್ಛಾವಣಿ, ಕಬ್ಬಿಣದ ಕಿಟಕಿ ಕೂಡಿದ ಮನೆ ಕಾರವಾರದ್ದೂ ಆಗಬಹುದು, ಚಾಮರಾಜನಗರದ್ದೂ ಆಗಬಹುದು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಎದ್ದ ಆಸರೆ ಮನೆಗಳ ಸಾಲಿನ ಫೋಟೊ ತೋರಿಸಿದರೆ ‘ಸರಕಾರಿ ಮನೆ’ ಎನ್ನಬಹುದು, ಸೀಮೆ ಹೇಳುವುದು ಕಷ್ಟ. ಮಣ್ಣುಗೋಡೆಗೆ ಸಿಮೆಂಟ್ ಬಳಿದು ಬಣ್ಣ ಹೊಡೆದರೆ ಗೋಡೆಯೂ ಮಾತು ನಿಲ್ಲಿಸುತ್ತದೆ. ಅಂಥ ಕಡೆ ಬಚ್ಚಲಿನ ಗೋಡೆ, ಕೊಟ್ಟಿಗೆ, ಹಿತ್ತಲ ಪಾಗಾರ ನೋಡಬೇಕು. ಹಣ ಮೊದಲು ಮುಂಬಾಗಿಲಿಗೆ ಬರುತ್ತದೆ, ಹಿತ್ತಲಿಗೆ ಬರುವುದು ಕೊನೆಗೆ. ಹಳೆಯ ಕಲ್ಲು, ಹಳೆಯ ಮಣ್ಣು ಅಲ್ಲಿ ಉಳಿದಿರುತ್ತದೆ.

ಎಲ್ಲ ಸುಳಿವೂ ಕೂಡಿ ಬಂದರೂ ಮನೆ ಹೇಳುವುದು ಸೀಮೆಯನ್ನು ಮಾತ್ರ. ಊರ ಹೆಸರು ಗೋಡೆಯ ಮೇಲೆ ಬರೆದಿರುವುದಿಲ್ಲ. ಆ ಹಿರಿಯರು ಯಾರು, ಅದು ಯಾವ ಓಣಿ ಎಂಬುದು ನಮಗೆ ಆ ಮಧ್ಯಾಹ್ನ ಗೊತ್ತಾಗಲಿಲ್ಲ. ಹೇಳಬಲ್ಲವರು ತೀರಿಕೊಂಡಾಗಿತ್ತು. ಅಕ್ಕ ಫೋಟೊದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ “ಹುಬ್ಬಳ್ಳಿ–ಗದಗ ನಡುವೆ, ಹಂಚು ಹಾಕಿಸಿದ ಮಾಳಿಗಿ ಮನಿ” ಎಂದು ಬರೆದು ಟ್ರಂಕಿನಲ್ಲಿ ಇಟ್ಟರು.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಇದ್ದರೆ, ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದೆ ಮೂಡುತ್ತದೆ. ಪೆನ್ಸಿಲ್ಲಿನಲ್ಲಿ ಮೆತ್ತಗೆ ಬರೆಯಿರಿ. ಹೊಸದಾಗಿ ಹಳ್ಳಿಮನೆಯ ಫೋಟೊ ತೆಗೆಯುವವರಾದರೆ ಮುಂಬಾಗಿಲೊಂದನ್ನೇ ತೆಗೆದು ಬರಬೇಡಿ. ಬದಿಗೋಡೆಗೆ ನೇರ ಎದುರು ನಿಂತು ಒಂದು, ಗಿಲಾವು ಉದುರಿದ ಜಾಗದ ಹತ್ತಿರದಿಂದ ಒಂದು ತೆಗೆದುಕೊಳ್ಳಿ.